‘ಇಂಟರೆಸ್ಟೆಡ್ ಸರ್’ ಎಂದು ಬರೆಯುವವರ ನಡುವೆ

ಕಳೆದ ತಿಂಗಳು ನಮ್ಮ ಕಾಲೇಜಿನ ಸಭಾಂಗಣದಲ್ಲಿ ಉದ್ಯೋಗ ಮಾರ್ಗದರ್ಶನದ ಕಾರ್ಯಕ್ರಮ ನಡೆಯಿತು. ಬಂದಿದ್ದ ಅತಿಥಿಗಳು ಒಳ್ಳೆಯ ಮಾತುಗಳನ್ನೇ ಹೇಳಿದರು. ಆದರೆ ಅವರ ಒಂದು ಸಲಹೆಯನ್ನು ನಾನು ಒಪ್ಪುವುದಿಲ್ಲ. “ಲಿಂಕ್ಡ್‌ಇನ್‌ನಲ್ಲಿ ದಿನಕ್ಕೆ ಹತ್ತು ಮ್ಯಾನೇಜರ್‌ಗಳಿಗೆ ಮೆಸೇಜ್ ಹಾಕಿ, ಒಬ್ಬರಾದರೂ ಉತ್ತರ ಕೊಟ್ಟೇ ಕೊಡುತ್ತಾರೆ” ಎಂದರು ಅವರು. ಪಕ್ಕದಲ್ಲಿ ಕೂತಿದ್ದ ಗೆಳೆಯ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ನನಗೆ ಮನೆಯಲ್ಲಿರುವ ಆಪಾ ನೆನಪಾದಳು.

ಆಪಾ ಬಿ.ಕಾಂ. ಮುಗಿಸಿ ಎಂಟು ತಿಂಗಳಿಂದ ನಮ್ಮೂರಿನ ಒಬ್ಬ ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಾಳೆ. ಸಂಬಳ ಏಳು ಸಾವಿರ. ಅಬ್ಬಾ ಅವರ ಟೈಲರಿಂಗ್ ಅಂಗಡಿಯ ವ್ಯಾಪಾರ ಈಗ ಹಬ್ಬಕ್ಕೆ, ಮದುವೆಗೆ ಮಾತ್ರ ಎನ್ನುವಂತಾಗಿದೆ. ಮುಂದಿನ ವರ್ಷ ನನ್ನ ಡಿಗ್ರಿ ಫೀಸು ಕಟ್ಟಬೇಕಾದರೆ ಆಪಾಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗಬೇಕು. ಹಾಗಾಗಿ ಈ ವಿಷಯ ನನಗೆ ಬರೀ ಚರ್ಚೆಯ ವಿಷಯವಲ್ಲ.

ಎರಡು ತಿಂಗಳಲ್ಲಿ ಆಪಾ ನಲವತ್ತಕ್ಕೂ ಹೆಚ್ಚು ಮಂದಿಗೆ ಬರೆದಿದ್ದಳು. ಎಲ್ಲದರಲ್ಲೂ ಒಂದೇ ಒಕ್ಕಣೆ: ನಾನು ಬಿ.ಕಾಂ. ಪದವೀಧರೆ, ಟ್ಯಾಲಿ ಗೊತ್ತು, ಜಿಎಸ್‌ಟಿ ಗೊತ್ತು, ಅವಕಾಶ ಇದ್ದರೆ ತಿಳಿಸಿ. ಬಂದ ಉತ್ತರ ಮೂರು. ಒಂದು ‘ಓಕೆ’. ಒಂದು ‘ಸದ್ಯಕ್ಕೆ ಇಲ್ಲ’. ಮೂರನೆಯವನು ಇಂಟರ್‌ವ್ಯೂಗೆ ಮೊದಲು ರಿಜಿಸ್ಟ್ರೇಷನ್ ಎಂದು ₹1,500 ಕೇಳಿದ. ಅದು ಮೋಸ ಎಂದು ತಿಳಿಯಲು ಕಾಮರ್ಸ್ ಓದಬೇಕಾಗಿಲ್ಲ.

ಉತ್ತರ ಬಾರದಿರುವುದು ಆ ಮ್ಯಾನೇಜರ್‌ಗಳ ಸೊಕ್ಕು ಎಂದು ನಾನು ಮೊದಲು ತಿಳಿದಿದ್ದೆ. ಆಪಾಳ ಫೋನಿನಲ್ಲಿ ಅದು ನಡೆಯುವ ರೀತಿ ನೋಡಿದ ಮೇಲೆ ಹಾಗನಿಸಲಿಲ್ಲ. ಹಣ ಕಟ್ಟದ ಖಾತೆಯಿಂದ ಪರಿಚಯವಿಲ್ಲದವರಿಗೆ ನೇರವಾಗಿ ಮೆಸೇಜ್ ಹೋಗುವುದೇ ಕಷ್ಟ. ಸಾಮಾನ್ಯವಾಗಿ ಸಂಪರ್ಕಕ್ಕೆ ಸೇರಿಸಿಕೊಳ್ಳಿ ಎಂದು ಕೋರಿಕೆ ಕಳಿಸಿ, ಅದರ ಜೊತೆ ಎರಡು ಸಾಲಿನ ಟಿಪ್ಪಣಿ ಹಾಕಬೇಕು. ಅಂಥ ಟಿಪ್ಪಣಿಯೂ ತಿಂಗಳಿಗೆ ಕೆಲವು ಮಾತ್ರ. ಆ ಕಡೆಯವರು ಅದನ್ನು ತೆರೆಯಬೇಕು, ಓದಬೇಕು, ಇವಳು ಯಾರೆಂದು ನೋಡಬೇಕು, ಏನು ಉತ್ತರ ಕೊಡಲಿ ಎಂದು ಯೋಚಿಸಬೇಕು. ಅಷ್ಟು ಕೆಲಸವನ್ನು ನಾವು ಗುರುತಿಲ್ಲದವರ ತಲೆಯ ಮೇಲೆ ಹೊರಿಸುತ್ತೇವೆ. ಅದೂ ಅವರು ಕೇಳದೆ.

ಹೀಗಿರುವಾಗ ಒಂದು ಸಂಜೆ ಆಪಾಗೆ ಒಂದು ಪೋಸ್ಟ್ ಕಾಣಿಸಿತು. ಹುಬ್ಬಳ್ಳಿಯ ಒಂದು ಬಿಡಿಭಾಗಗಳ ವ್ಯಾಪಾರ ಸಂಸ್ಥೆಯ ಅಕೌಂಟ್ಸ್ ಮ್ಯಾನೇಜರ್ ಹಾಕಿದ್ದು. ಅವರು ‘ನನ್ನ ತಂಡಕ್ಕೆ ಒಬ್ಬರು ಬೇಕು’ ಎಂದು ಬರೆದಿದ್ದರು. ಜೊತೆಗೆ ಒಂದು ಮಾತು: ಪ್ರತಿ ತಿಂಗಳು 14ರಿಂದ 20ರವರೆಗೆ ಖರೀದಿ ಲೆಕ್ಕವನ್ನು 2ಬಿ ಜೊತೆ ತಾಳೆ ನೋಡುವುದರಲ್ಲೇ ನಮ್ಮ ನಿದ್ದೆ ಹೋಗುತ್ತದೆ, ಸರಬರಾಜುದಾರರಿಗೆ ಫೋನ್ ಮಾಡಿ ಮಾಡಿ ಸಾಕಾಗಿದೆ. ಇದು ಮ್ಯಾನೇಜರೇ ಬರೆದದ್ದು, ಏಜೆನ್ಸಿಯವರದಲ್ಲ ಎಂದು ನಮಗೆ ತಿಳಿದದ್ದು ಈ ಮಾತಿನಿಂದ. ಏಜೆನ್ಸಿಯವರು ಒಂದೇ ದಿನ ಹತ್ತು ಬೇರೆ ಬೇರೆ ಹುದ್ದೆ ಹಾಕುತ್ತಾರೆ, ಅರ್ಹತೆಯ ಪಟ್ಟಿ ಕೊಡುತ್ತಾರೆ. ನಿದ್ದೆ ಹೋದ ಕಥೆ ಅವರಿಗೆ ಗೊತ್ತಿರುವುದಿಲ್ಲ.

ಪೋಸ್ಟಿನ ಕೆಳಗೆ ಆಗಲೇ ಅರವತ್ತು ಕಾಮೆಂಟುಗಳಿದ್ದವು. ‘ಇಂಟರೆಸ್ಟೆಡ್ ಸರ್’, ‘ಇಂಟರೆಸ್ಟೆಡ್’, ‘ಪ್ಲೀಸ್ ಚೆಕ್ ಇನ್‌ಬಾಕ್ಸ್’, ನಡುವೆ ಹತ್ತಾರು ‘ಸಿಎಫ್‌ಬಿಆರ್’. ಹೆಚ್ಚು ಜನರಿಗೆ ತಲುಪಲಿ ಎಂದು ಕಾಮೆಂಟ್ ಮಾಡುತ್ತಿದ್ದೇನೆ ಎಂಬುದರ ಇಂಗ್ಲಿಷ್ ಮೊದಲಕ್ಷರಗಳವು. ಕೆಲವರು ತಮ್ಮ ಮೊಬೈಲ್ ನಂಬರನ್ನೇ ಎಲ್ಲರ ಕಣ್ಣಿಗೆ ಬೀಳುವಂತೆ ಹಾಕಿದ್ದರು. ದಯವಿಟ್ಟು ನೀವು ಹಾಗೆ ಮಾಡಬೇಡಿ. ₹1,500 ಕೇಳುವವರಿಗೆ ನಂಬರು ಸಿಗುವುದು ಅಲ್ಲಿಂದಲೇ.

ಪೋಸ್ಟಿನಲ್ಲಿ ಹೇಳಿದ್ದ ವಿಳಾಸಕ್ಕೆ ಆಪಾ ಮೊದಲು ತನ್ನ ಬಯೋಡೇಟಾ ಇ-ಮೇಲ್ ಮಾಡಿದಳು. ಇದನ್ನು ಒತ್ತಿ ಹೇಳುತ್ತೇನೆ. ಕಾಮೆಂಟ್ ಅರ್ಜಿಯಲ್ಲ, ಅರ್ಜಿಯ ಬದಲಿಗೂ ಅಲ್ಲ. ಆಮೇಲೆ ಅವಳು ಎಂದಿನಂತೆ ಮೆಸೇಜ್ ಬರೆಯಲು ಹೊರಟಾಗ ನಾನು ಕೇಳಿದೆ, “ಆಪಾ, ಅವರು ಹೇಳಿರುವ ತೊಂದರೆ ನಿನಗೆ ಗೊತ್ತಿರೋದೇ ಅಲ್ವಾ? ಅದನ್ನೇ ಯಾಕೆ ಬರೆಯಬಾರದು?”

ಆ ತೊಂದರೆ ಏನೆಂದು ಸ್ವಲ್ಪ ವಿವರಿಸಬೇಕು. ಒಬ್ಬ ವ್ಯಾಪಾರಿ ಸರಕು ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಆದರೆ ಮಾರಿದವನು ಆ ಬಿಲ್ಲನ್ನು ತನ್ನ ರಿಟರ್ನಿನಲ್ಲಿ ತೋರಿಸಿ, ಅದು ಕೊಂಡವನ ಜಿಎಸ್‌ಟಿಆರ್-2ಬಿ ಎಂಬ ಪಟ್ಟಿಯಲ್ಲಿ ಬಂದಿರಬೇಕು. ಆ ಪಟ್ಟಿ ಸಿದ್ಧವಾಗುವುದು ಮುಂದಿನ ತಿಂಗಳ 14ಕ್ಕೆ. ತೆರಿಗೆ ಕಟ್ಟುವ 3ಬಿ ರಿಟರ್ನಿಗೆ ಸಾಮಾನ್ಯವಾಗಿ 20 ಕೊನೆಯ ದಿನ. ನಡುವಿನ ಆರು ದಿನದಲ್ಲಿ ಟ್ಯಾಲಿಯಲ್ಲಿರುವ ಖರೀದಿಯನ್ನು ಪಟ್ಟಿಯ ಜೊತೆ ಹೋಲಿಸಿ, ಬಾರದ ಬಿಲ್ಲು ಯಾವುದೆಂದು ಹುಡುಕಬೇಕು.

ಇದರಲ್ಲಿ ಒಂದು ಸಿಕ್ಕು ಇದೆ. ವಾರ್ಷಿಕ ವಹಿವಾಟು ₹5 ಕೋಟಿಯವರೆಗೆ ಇರುವ ಚಿಕ್ಕ ವ್ಯಾಪಾರಿಗಳು ಬೇಕಾದರೆ ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸಬಹುದು. ಮೊದಲ ಎರಡು ತಿಂಗಳ ಬಿಲ್ಲುಗಳನ್ನು 13ರೊಳಗೆ ಪೋರ್ಟಲ್‌ಗೆ ಹಾಕುವ ಸೌಲಭ್ಯ ಅವರಿಗಿದೆ, ಆದರೆ ಕಡ್ಡಾಯವಿಲ್ಲ. ಹಾಕದಿದ್ದರೆ ಆ ಬಿಲ್ಲು ಕೊಂಡವನ ಪಟ್ಟಿಯಲ್ಲಿ ಕಾಣುವುದು ಮೂರು ತಿಂಗಳು ಮುಗಿದ ಮೇಲೆಯೇ. ಅಂದರೆ ‘ಬಂದಿಲ್ಲ’ ಎಂದು ಕಾಣುವ ಬಿಲ್ಲುಗಳಲ್ಲಿ ಕೆಲವು ತಪ್ಪಿಹೋದವಲ್ಲ, ತಡವಾಗಿ ಬರುವಂಥವು. ಆಪಾ ತನ್ನ ಕಚೇರಿಯಲ್ಲಿ ಇದನ್ನು ಕೈಯಾರೆ ಮಾಡಿದವಳು.

ಅವಳು ಬರೆದ ಮೊದಲ ಕರಡು ಹದಿನಾಲ್ಕು ಸಾಲು ಇತ್ತು. ಕಾಯ್ದೆಯ ಕಲಮು, ತನ್ನ ಪರ್ಸೆಂಟೇಜು, ‘ನನಗೊಂದು ಅವಕಾಶ ಕೊಟ್ಟರೆ’ ಎಲ್ಲವೂ. ಕಲಮನ್ನು ತೆಗೆದೆವು, ಮ್ಯಾನೇಜರ್‌ಗೆ ಅದು ಗೊತ್ತಿರುತ್ತದೆ. ಪರ್ಸೆಂಟೇಜು ಬಯೋಡೇಟಾದಲ್ಲಿದೆ. ಅವಕಾಶದ ಮಾತನ್ನು ಅರವತ್ತು ಜನ ಆಗಲೇ ಆಡಿದ್ದಾರೆ. ‘ನೀವು ಹೀಗೆ ಮಾಡಬೇಕು’ ಎಂಬ ದನಿಯಿದ್ದ ಒಂದು ವಾಕ್ಯವೂ ಹೋಯಿತು. ಹತ್ತಿಪ್ಪತ್ತು ವರ್ಷ ಕೆಲಸ ಮಾಡಿರಬಹುದಾದವರಿಗೆ ಊರೆಲ್ಲರ ಎದುರು ಪಾಠ ಹೇಳಿದರೆ ಯಾರಿಗೆ ಹಿಡಿಸುತ್ತದೆ? ಕೊನೆಗೆ ಇಂಗ್ಲಿಷಿನಲ್ಲಿ ಉಳಿದದ್ದು ಇಷ್ಟು, ಕನ್ನಡದಲ್ಲಿ ಹೇಳುತ್ತೇನೆ:

“ನಮ್ಮ ಕಚೇರಿಯಲ್ಲೂ ಇದೇ ಆಗುತ್ತಿತ್ತು. ಸರಬರಾಜುದಾರರ ಪಟ್ಟಿಯಲ್ಲಿ ಒಂದು ಕಾಲಂ ಸೇರಿಸಿ, ತಿಂಗಳಿಗೊಮ್ಮೆ ಸಲ್ಲಿಸುವವರು, ಮೂರು ತಿಂಗಳಿಗೊಮ್ಮೆ ಸಲ್ಲಿಸುವವರು ಎಂದು ಗುರುತು ಹಾಕಿಕೊಂಡೆವು. ಮೂರು ತಿಂಗಳಿನವರಿಗೆ 10ನೇ ತಾರೀಖಿನೊಳಗೇ ಬಿಲ್ಲು ಹಾಕಲು ನೆನಪಿಸುತ್ತೇವೆ. 14ರ ನಂತರ ಫೋನ್ ಮಾಡಬೇಕಾದವರು ಬಹಳ ಕಡಿಮೆಯಾದರು.”

ಅಷ್ಟೇ. ಹೆಸರಿನ ಕೆಳಗಿನ ಸಾಲಿನಲ್ಲಿ ಮೊದಲು ‘ಉದ್ಯೋಗಾಕಾಂಕ್ಷಿ’ ಎಂದಿತ್ತು. ಅದನ್ನು ‘ಬಿ.ಕಾಂ. – ಟ್ಯಾಲಿ, ಜಿಎಸ್‌ಟಿ ತಾಳೆ’ ಎಂದು ಬದಲಿಸಿದಳು. ಕಾಮೆಂಟಿನ ಜೊತೆಗೇ ಆ ಸಾಲೂ ಕಾಣುತ್ತದೆ, ಹಾಗಾಗಿ ತಾನು ಯಾರೆಂದು ಕಾಮೆಂಟಿನಲ್ಲಿ ಹೇಳಬೇಕಾಗಿಲ್ಲ.

ಅಬ್ಬಾಗೆ ಇದು ಸರಿ ಕಾಣಲಿಲ್ಲ. “ಈಗಿನ ಕಚೇರಿಯವರು ನೋಡಿದರೆ? ಇರೋದೂ ಹೋದೀತು ಬೇಟಾ” ಎಂದರು. ಅಬ್ಬಾ ಹೇಳಿದ್ದು ಸುಳ್ಳಲ್ಲ. ಕಾಮೆಂಟ್ ಎಲ್ಲರಿಗೂ ಕಾಣುತ್ತದೆ, ನಮ್ಮ ಪರಿಚಯದವರಿಗೆ ಇನ್ನೂ ಬೇಗ ಕಾಣುತ್ತದೆ. ಆದರೆ ಆಪಾಳ ಕಾಮೆಂಟಿನಲ್ಲಿ ಕೆಲಸ ಬೇಕು ಎಂಬ ಮಾತೇ ಇರಲಿಲ್ಲ, ಕಚೇರಿಯ ಹೆಸರಿರಲಿಲ್ಲ, ಯಾವ ಗಿರಾಕಿಯ ಲೆಕ್ಕವೂ ಇರಲಿಲ್ಲ. ಯಾರು ಓದಿದರೂ ಅದು ಕೆಲಸದ ಬಗ್ಗೆ ಇಬ್ಬರು ಆಡಿದ ಮಾತು. ‘ಇಂಟರೆಸ್ಟೆಡ್ ಸರ್’ ಎಂದು ಬರೆದಿದ್ದರೆ ಮಾತ್ರ ಅಬ್ಬಾ ಹೆದರಿದ್ದು ನಿಜವಾಗುತ್ತಿತ್ತು. ಅಮ್ಮಿಗೆ ಬೇರೊಂದು ಸಮಾಧಾನವಿತ್ತು. ಗುರುತಿಲ್ಲದ ಗಂಡಸರ ಇನ್‌ಬಾಕ್ಸಿಗೆ ರಾತ್ರಿ ಬರೆಯುವುದಕ್ಕಿಂತ ನಾಲ್ಕು ಜನರ ಎದುರು ಹೇಳುವುದು ಮೇಲು ಎಂದರು. ನಮ್ಮ ಹುಡುಗಿಯರಲ್ಲಿ ಇದೇ ಹಿಂಜರಿಕೆ ಇರುವವರು ಹಲವರು. ಅವರಿಗೆ ‘ದಿನಕ್ಕೆ ಹತ್ತು ಮೆಸೇಜ್’ ಎಂಬ ಸಲಹೆ ಯಾವ ಉಪಯೋಗಕ್ಕೆ?

ಮರುದಿನ ಮಧ್ಯಾಹ್ನ ಮ್ಯಾನೇಜರ್ ಕಾಮೆಂಟಿನ ಕೆಳಗೇ ಕೇಳಿದರು: ಯಾರು ಮೂರು ತಿಂಗಳಿನವರು ಎಂದು ಹೇಗೆ ಗುರುತಿಸುತ್ತೀರಿ? ಆಪಾ ಉತ್ತರಿಸಿದಳು: ಪೋರ್ಟಲ್‌ನಲ್ಲಿ ಜಿಎಸ್‌ಟಿ ನಂಬರ್ ಹಾಕಿದರೆ ಅವರು ಯಾವ ಅವಧಿಗೆ ಯಾವ ದಿನ ರಿಟರ್ನ್ ಸಲ್ಲಿಸಿದ್ದಾರೆ ಎಂಬ ಪಟ್ಟಿ ಬರುತ್ತದೆ, ಅದರಲ್ಲೇ ತಿಳಿಯುತ್ತದೆ. ಈ ಎರಡನೆಯ ಉತ್ತರವೇ ನಿಜವಾದ ಪರೀಕ್ಷೆ ಎಂದು ನನಗನಿಸುತ್ತದೆ. ಎಲ್ಲಿಂದಲೋ ನಕಲು ಮಾಡಿ ಬರೆದಿದ್ದರೆ ಎಲ್ಲರೆದುರು ಅಲ್ಲೇ ಸಿಕ್ಕಿಬೀಳುತ್ತಿದ್ದಳು. ಸಂಜೆ ಅವರೇ ಇನ್‌ಬಾಕ್ಸಿಗೆ ಬಂದರು: “ನಿಮ್ಮ ಬಯೋಡೇಟಾ ಬಂದಿದೆಯಾ?”

ಇಂಟರ್‌ವ್ಯೂ ಆಯಿತು, ಕೆಲಸ ಸಿಗಲಿಲ್ಲ. ನಾಲ್ಕು ವರ್ಷ ಅನುಭವ ಇದ್ದವರನ್ನು ತೆಗೆದುಕೊಂಡರು. ಕಾಮೆಂಟ್ ಬಾಗಿಲವರೆಗೆ ಕರೆದೊಯ್ಯುತ್ತದೆ, ಅನುಭವ ಕೊಡುವುದಿಲ್ಲ. ಏಜೆನ್ಸಿಯವರ ಪೋಸ್ಟಿನ ಕೆಳಗೆ ಆಪಾ ಆಮೇಲೆ ಎರಡು ಸಲ ಹೀಗೇ ಬರೆದಳು, ಯಾರೂ ತಿರುಗಿ ನೋಡಲಿಲ್ಲ. ಅಲ್ಲಿ ಓದುವವರಿಗೆ ಆ ಕೆಲಸದ ಕಷ್ಟ ಗೊತ್ತಿರುವುದಿಲ್ಲ. ಮೂರು ದಿನ ಹಳೆಯದಾಗಿ ನಾನೂರು ಕಾಮೆಂಟ್ ಬಿದ್ದ ಪೋಸ್ಟಿನಲ್ಲೂ ಶ್ರಮ ದಂಡವೇ. ಹೇಳಲು ಏನೂ ಇಲ್ಲದಿದ್ದಾಗ ‘ಜಿಎಸ್‌ಟಿ ಬಹಳ ಮುಖ್ಯ ಸರ್’ ಎಂದು ಬರೆಯುವುದಂತೂ ‘ಇಂಟರೆಸ್ಟೆಡ್’ ಎನ್ನುವುದಕ್ಕಿಂತ ಕಡೆ.

ನನ್ನ ವಯಸ್ಸಿನವರಿಗೆ ಹೇಳಲು ಏನಿರುತ್ತದೆ ಎಂದು ಗೆಳೆಯ ಕೇಳಿದ. ಈಗ ಹೆಚ್ಚೇನೂ ಇಲ್ಲ, ಒಪ್ಪುತ್ತೇನೆ. ಅದಕ್ಕೇ ನಾನು ಈಗ ಆ ಪೋಸ್ಟುಗಳನ್ನು ಓದುತ್ತೇನೆ, ಬರೆಯುವುದಿಲ್ಲ. ಮ್ಯಾನೇಜರ್‌ಗಳು ಯಾವುದಕ್ಕೆ ನಿದ್ದೆ ಕೆಡುತ್ತಾರೆ ಎಂದು ಗೊತ್ತಾದರೆ, ಡಿಗ್ರಿಯಲ್ಲಿ ಯಾವುದನ್ನು ಕೈಯಾರೆ ಮಾಡಿ ಕಲಿಯಬೇಕು ಎಂದೂ ಗೊತ್ತಾಗುತ್ತದೆ.

ಆ ಕಾಮೆಂಟನ್ನು ಹುಬ್ಬಳ್ಳಿಯ ಮ್ಯಾನೇಜರ್ ಒಬ್ಬರೇ ಓದಿರಲಿಲ್ಲ. ಹತ್ತು ದಿನ ಬಿಟ್ಟು ನಮ್ಮ ಪಕ್ಕದ ಜಿಲ್ಲೆಯ ಒಬ್ಬ ಆಡಿಟರ್ ಬರೆದರು, ತಮ್ಮ ಕಚೇರಿಯಲ್ಲೂ ಅದೇ ಗೋಳು ಎಂದು. ಆಪಾ ಕಳೆದ ಶನಿವಾರ ಹೋಗಿ ಬಂದಳು. ಹನ್ನೆರಡು ಸಾವಿರ ಹೇಳಿದ್ದಾರೆ, ಬಸ್ ಪಾಸ್ ಖರ್ಚು ಬೇರೆ. ಅಬ್ಬಾ ಬಸ್ಸಿನ ವೇಳೆ ವಿಚಾರಿಸಿಕೊಂಡು ಬಂದಿದ್ದಾರೆ. ಬೆಳಗ್ಗೆ ಏಳೂಕಾಲಕ್ಕೆ ಒಂದಿದೆಯಂತೆ.