ಮೂರು ಕಾಲದ ಹಾಳೆ, ಎರಡು ಕಾಲದ ಕನ್ನಡ

ನ್ಯೂಜೆರ್ಸಿಯ ಒಂದು ಊರಿನಲ್ಲಿ ಆರು ವರ್ಷದಿಂದ ಭಾನುವಾರ ಬೆಳಗ್ಗೆ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಿದ್ದೇನೆ. ಅಲ್ಲಿ ನಾವು ಹಂಚುವ ವರ್ಕ್‌ಶೀಟುಗಳಲ್ಲಿ ಒಂದರ ಮೇಲೆ ನನಗೆ ಬಹಳ ದಿನದ ಸಿಟ್ಟಿದೆ. ಎಡಗಡೆ ಹತ್ತು ಧಾತುಗಳು, ಬಲಗಡೆ ಮೂರು ಅಂಕಣ: ಭೂತ, ವರ್ತಮಾನ, ಭವಿಷ್ಯತ್. ಮೂವತ್ತು ಖಾಲಿ ಮನೆಗಳನ್ನು ಮಗು ತುಂಬಬೇಕು. ಓದಿದನು, ಓದುತ್ತಾನೆ, ಓದುವನು. ನೋಡಿದನು, ನೋಡುತ್ತಾನೆ, ನೋಡುವನು. ನೋಡಲು ಅಚ್ಚುಕಟ್ಟು. ಕಲಿಸುವ ಕನ್ನಡ ಮಾತ್ರ ಯಾರ ಮನೆಯದೂ ಅಲ್ಲ.

ಮೂರನೆಯ ಅಂಕಣದಿಂದ ಶುರು ಮಾಡುತ್ತೇನೆ. ಒಂಬತ್ತು ವರ್ಷದ ಒಬ್ಬಳು ಹುಡುಗಿ ಈ ಹಾಳೆಯಲ್ಲಿ ಪೂರ್ತಿ ಅಂಕ ತೆಗೆದುಕೊಂಡಳು. ಆ ವಾರವೇ ಹಾಸನದ ಅಜ್ಜಿಗೆ ಫೋನಿನಲ್ಲಿ, ‘ಅಜ್ಜಿ, ನಾನು ಜೂನ್‌ನಲ್ಲಿ ಬರುವೆನು’ ಎಂದಳಂತೆ. ಅಜ್ಜಿ ನಕ್ಕು, ‘ಏನೇ ಇದು, ನಾಟಕದ ಪಾರ್ಟು ಹೇಳ್ತಿದ್ದೀಯಾ?’ ಎಂದರಂತೆ. ಮಗು ಮುಂದಿನ ಎರಡು ವಾರ ಫೋನಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಲಿಲ್ಲ. ಅವಳ ತಾಯಿ ಇದನ್ನು ತಮಾಷೆಯಾಗಿಯೇ ಹೇಳಿದರು. ನನಗೆ ತಮಾಷೆ ಅನಿಸಲಿಲ್ಲ, ಹಾಳೆ ಕೊಟ್ಟವರಲ್ಲಿ ನಾನೂ ಒಬ್ಬ.

ಅಜ್ಜಿ ಏನು ಹೇಳುತ್ತಿದ್ದರು? ‘ನಾಳೆ ಬರ್ತೀನಿ.’ ದಿನಾ ಬರುವುದಕ್ಕೂ ‘ಬರ್ತೀನಿ’, ನಾಳೆ ಬರುವುದಕ್ಕೂ ‘ಬರ್ತೀನಿ’. ಯಾವಾಗ ಎಂಬುದನ್ನು ‘ದಿನಾ’, ‘ನಾಳೆ’ ಎಂಬ ಪದ ಹೇಳುತ್ತದೆ, ಕ್ರಿಯಾಪದ ಅಲ್ಲ. ಇಲ್ಲ ಎನ್ನುವಾಗ ಇದು ಇನ್ನೂ ಸ್ಪಷ್ಟ. ‘ಅವನು ಮೊಟ್ಟೆ ತಿನ್ನಲ್ಲ’ ಎಂದರೆ ಅಭ್ಯಾಸ, ‘ಇವತ್ತು ರಾತ್ರಿ ತಿನ್ನಲ್ಲ’ ಎಂದರೆ ಮುಂದಿನ ಮಾತು, ರೂಪ ಒಂದೇ. ನಿನ್ನೆಯದಾದರೆ ಮಾತ್ರ ‘ತಿನ್ನಲಿಲ್ಲ’. ‘ಬಂದ ಹುಡುಗ’, ‘ಬರುವ ಹುಡುಗ’ ಎನ್ನುವಾಗಲೂ ಎರಡೇ: ದಿನಾ ಬರುವವನೂ ನಾಳೆ ಬರುವವನೂ ‘ಬರುವ ಹುಡುಗ’ನೇ. ಕನ್ನಡ ಮುಖ್ಯವಾಗಿ ಗೆರೆ ಎಳೆಯುವುದು ಆಗಿಹೋದದ್ದಕ್ಕೂ ಆಗದೆ ಉಳಿದದ್ದಕ್ಕೂ ನಡುವೆ. ಇದನ್ನು ನಾನು ಕಂಡುಹಿಡಿದದ್ದಲ್ಲ. ಡಿ.ಎನ್. ಶಂಕರ ಭಟ್ಟರು ಹೇಳಿದ್ದೇ. ಅವರ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಪುಸ್ತಕದ ಹೆಸರಿನಲ್ಲೇ ನನ್ನ ಅರ್ಧ ಜಗಳ ಇದೆ.

ಮೂರು ಕಾಲ ಎಲ್ಲಿಂದ ಬಂತು ಎಂದು ಕೇಳಿದರೆ ಹಿರಿಯ ಸಹೋದ್ಯೋಗಿಯೊಬ್ಬರು ಕೇಶಿರಾಜನ ಕಡೆ ಕೈತೋರಿಸುತ್ತಾರೆ. ಸರಿ, 13ನೇ ಶತಮಾನದಲ್ಲಿ ಅವನು ಮೂರು ಪ್ರತ್ಯಯ ಹೇಳಿದ್ದಾನೆ: ದಪ, ದ, ವ. ನುಡಿದಪಂ, ನುಡಿದಂ, ನುಡಿವಂ. ಆದರೆ ಅದರಲ್ಲಿ ‘ದಪ’ ಎಂದೋ ಬಿದ್ದುಹೋಯಿತು. ಅದರ ಜಾಗಕ್ಕೆ ‘ಉತ್ತ’ ಬಂದು ಕೂತಿತು, ಕೂತದ್ದಲ್ಲದೆ ಪಕ್ಕದ ‘ವ’ದ ಜಾಗವನ್ನೂ ಒತ್ತರಿಸಿತು. ಇಂದು ‘ಬರುವನು’ ಪದ್ಯದಲ್ಲಿ, ಆಮಂತ್ರಣ ಪತ್ರಿಕೆಯಲ್ಲಿ, ಗಂಭೀರ ಬರಹದಲ್ಲಿ ಉಳಿದಿದೆ. ಓದುವ ಮಗುವಿಗೆ ಅದರ ಪರಿಚಯ ಬೇಕು, ನಾನು ಒಪ್ಪುತ್ತೇನೆ. ಆದರೆ ಓದಿ ಗುರುತಿಸುವುದು ಬೇರೆ, ಬಾಯಿಂದ ಹೇಳು ಎಂದು ಅಭ್ಯಾಸ ಮಾಡಿಸುವುದು ಬೇರೆ. ಬೆಂಗಳೂರಿನ ಮಗು ಹಾಳೆಯಲ್ಲಿ ‘ಬರುವೆನು’ ಬರೆದು ಆಟಕ್ಕೆ ಹೋಗಿ ‘ಬರ್ತೀನಿ ಕಣೋ’ ಎನ್ನುತ್ತದೆ. ಹಾಳೆ ಅದನ್ನು ಕೆಡಿಸಲಾರದು. ಇಲ್ಲಿಯ ಮಗುವಿಗೆ ಆಟದ ಕನ್ನಡ ಇಲ್ಲ. ಹಾಳೆ ಹೇಳಿದ್ದನ್ನು ಅದು ನಂಬುತ್ತದೆ.

ಇನ್ನು ಮೊದಲ ಅಂಕಣ. ಕನ್ನಡದ ನಿಜವಾದ ಕಷ್ಟ ಇರುವುದು ಅಲ್ಲಿ, ಹಾಳೆ ಜಾಣತನದಿಂದ ತಪ್ಪಿಸಿಕೊಳ್ಳುವುದೂ ಅಲ್ಲೇ. ಓದು, ನೋಡು, ಹಾಡು, ಆಡು, ಬರೆ ಎಂದು ‘ದ’ ಸೇರಿಸಿದರೆ ಮುಗಿಯುವ ಧಾತುಗಳನ್ನೇ ಆರಿಸಿರುತ್ತಾರೆ. ಹತ್ತರಲ್ಲಿ ಒಂದೋ ಎರಡೋ ಮಾತ್ರ ಬೇರೆ. ಹೋದ ಚಳಿಗಾಲದಲ್ಲಿ ಅಂಥ ಒಂದು ‘ಬೀಳು’ ಇತ್ತು. ಅದೇ ಹುಡುಗಿ ‘ಬೀಳಿದನು’ ಎಂದು ಬರೆದಳು. ಕೆಂಪು ಗುರುತು ಬಿತ್ತು. ಅರ್ಧ ಗಂಟೆ ಮುಂಚೆ ಅವಳೇ ಮೇಜಿನ ಕೆಳಗೆ ತೂರಿ, ‘ನನ್ ಪೆನ್ಸಿಲ್ ಬಿದ್ಹೋಯ್ತು’ ಎಂದಿದ್ದಳು!

ಅಂದರೆ ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು, ಆ ‘ಬಿದ್ದ’ಕ್ಕೂ ಈ ‘ಬೀಳು’ವಿಗೂ ಇರುವ ನಂಟು. ಹೇಗೆ ಗೊತ್ತಿರಬೇಕು? ಮನೆಯಲ್ಲಿ ಮಗುವಿಗೆ ‘ಬೀಳು’ ಎಂದು ಯಾರೂ ಹೇಳುವುದಿಲ್ಲ. ‘ಬಿದ್ಯಾ?’ ಎನ್ನುತ್ತಾರೆ, ‘ಬೀಳ್ತೀಯ’ ಎನ್ನುತ್ತಾರೆ. ಧಾತು ವ್ಯಾಕರಣದವರ ಅನುಕೂಲಕ್ಕೆ ತೆಗೆದಿಟ್ಟ ತಿರುಳು. ಮಗು ಕೇಳಿದ್ದು ಹಣ್ಣನ್ನು, ಹಾಳೆ ಬೀಜ ತೋರಿಸಿ ಹಣ್ಣಿನ ಹೆಸರು ಕೇಳುತ್ತದೆ. ‘ಬೀಳಿದನು’ ಎಂಬ ತಪ್ಪು ದಡ್ಡತನದ್ದೂ ಅಲ್ಲ. ‘ಓದಿದನು’ವಿನ ನಿಯಮವನ್ನು ಅವಳು ಸರಿಯಾಗಿ ಹಿಡಿದಿದ್ದಳು, ಹಾಳೆ ಕಲಿಸಿದ್ದೂ ಅದೊಂದನ್ನೇ.

ಈಗ ನಾನು ಮಾಡುವ ಹಾಳೆ ತಿರುಗುಮುರುಗಾಗಿದೆ. ಭೂತಕಾಲದ ರೂಪವನ್ನೇ ಮೊದಲು ಕೊಡುತ್ತೇನೆ, ಕಿವಿಗೆ ಒಂದೇ ತರ ಕೇಳುವ ಮನೆತನಗಳಾಗಿ. ಬಿದ್ದ, ಎದ್ದ, ಗೆದ್ದ ಒಂದು ಮನೆ. ಕೊಟ್ಟ, ಇಟ್ಟ, ಬಿಟ್ಟ, ಸುಟ್ಟ ಇನ್ನೊಂದು. ಬಂದ, ತಂದ, ತಿಂದ, ಅಂದ ಮತ್ತೊಂದು. ಒಂದು ವಾರಕ್ಕೆ ಒಂದೇ ಮನೆ. ನಕ್ಕ, ಅತ್ತ ಎಂಬಂಥ ಒಂಟಿಗಳು ಕೊನೆಗೆ. ಪಕ್ಕದಲ್ಲಿ ಎರಡೇ ಅಂಕಣ: ‘ನಿನ್ನೆ’, ‘ದಿನಾ ಅಥವಾ ನಾಳೆ’. ಕೆಳಗೆ ಅವೇ ಎರಡು ‘ಇಲ್ಲ’ ಜೊತೆ. ‘ಈಗ ಓದ್ತಾ ಇದೀನಿ’ ಎಂಬುದಕ್ಕೆ ಬೇರೆ ಹಾಳೆ. ಅದು ‘ಇರು’ ಸೇರಿ ಆದದ್ದು, ಮೊದಲು ‘ಇರು’ ಗಟ್ಟಿಯಾಗಬೇಕು.

ಭೂತಕ್ಕೆ ಇಷ್ಟು ಸಮಯ ಏಕೆ ಎಂದರೆ, ಆ ಒಂದು ರೂಪ ಬಂದರೆ ಹಿಂದೆಯೇ ಬಹಳಷ್ಟು ಬರುತ್ತದೆ. ‘ಬಿದ್ದ’ ಗೊತ್ತಾದವಳಿಗೆ ಬಿದ್ದು, ಬಿದ್ದರೆ, ಬಿದ್ದ ಎಲೆ, ಬಿದ್ದಿದೆ ಎಲ್ಲ ಪುಕ್ಕಟೆ. ‘ಹುಷಾರು, ಬಿದ್ದೀಯ!’ ಎಂದು ತಾಯಿ ಕೂಗುವುದೂ ಅದರಿಂದಲೇ, ಮಗು ಇನ್ನೂ ಬಿದ್ದಿರುವುದಿಲ್ಲ. ಒಳಗಿಂದ ಕರೆದರೆ ಕದಲದೆ ‘ಬಂದೆ, ಬಂದೆ’ ಎನ್ನುತ್ತೇವಲ್ಲ, ಅದನ್ನು ಮೂರು ಅಂಕಣದಲ್ಲಿ ಯಾವುದಕ್ಕೆ ಹಾಕುತ್ತೀರಿ?

ನನ್ನ ಹಾಳೆಯಲ್ಲೂ ತೊಡಕಿದೆ. ಧಾರವಾಡದ ಕಡೆಯ ಮನೆಯ ಹುಡುಗನೊಬ್ಬ ‘ಅಪ್ಪ ಬಂದಾನ’ ಎಂದು ಬರೆದ. ಅವನ ಮನೆಯಲ್ಲಿ ಅದರರ್ಥ ಅಪ್ಪ ಬಂದಿದ್ದಾನೆ ಎಂದು. ಪುಸ್ತಕದ ‘ಬಂದಾನು’ ಬರಬಹುದೇನೋ ಎಂಬ ಅರ್ಥದ್ದು. ಕೆಂಪು ಗುರುತು ಹಾಕಲು ಕೈ ಬರಲಿಲ್ಲ. ಪಕ್ಕದಲ್ಲಿ ‘ಪುಸ್ತಕದಲ್ಲಿ: ಬಂದಿದ್ದಾನೆ’ ಎಂದು ಬರೆದುಕೊಟ್ಟೆ.

‘ಹೀಗೆ ಮಾಡಿದರೆ ಶುದ್ಧ ಕನ್ನಡದ ಗತಿಯೇನು?’ ಎಂದು ಹಿರಿಯರು ಕೇಳುತ್ತಲೇ ಇದ್ದಾರೆ. ಈ ವರ್ಷದ ಪರೀಕ್ಷೆಯಲ್ಲೂ ಮೂರು ಅಂಕಣದ್ದೇ ಪ್ರಶ್ನೆ, ಹತ್ತು ಅಂಕ. ‘ಮಿಸ್ಸಾದ್ರೆ ಪರವಾಗಿಲ್ವಾ?’ ಎಂದು ಆ ಹುಡುಗಿ ಕೇಳಿದಳು. ‘ಬರುವೆನು ಅಂತ ಬರಿ, ಅಜ್ಜಿಗೆ ಮಾತ್ರ ಬರ್ತೀನಿ ಅನ್ನು’ ಎಂದೆ. ಈಗ ಅವಳು ಅಜ್ಜಿಯನ್ನು ನಗಿಸಲೆಂದೇ ‘ಬರುವೆನು’ ಎನ್ನುತ್ತಾಳಂತೆ.