ಒಂದು ಶಾಟ್, ಒಂದು ಕ್ರಿಯೆ

ಎಐ ವಿಡಿಯೊಗೆ ಪ್ರಾಂಪ್ಟ್ ಬರೆಯುವುದನ್ನು ಮಾಧ್ಯಮ ವಿದ್ಯಾರ್ಥಿಗಳಿಗೆ ಕಲಿಸುವ ಒಂದು ಪುಟದ ಕೈಪಿಡಿಯಲ್ಲಿ ಸೂತ್ರ ಸಾಮಾನ್ಯವಾಗಿ ಹೀಗಿರುತ್ತದೆ: ಶಾಟ್‌ನ ಅಳತೆ, ಪಾತ್ರ, ಕ್ರಿಯೆ, ಸ್ಥಳ, ಬೆಳಕು, ಕ್ಯಾಮೆರಾ ಚಲನೆ, ಶೈಲಿ. ಬರವಣಿಗೆಗೂ ಸೂತ್ರವೇ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಚಿತ್ರೀಕರಣದ ಜಾಗದಲ್ಲಿ ಛಾಯಾಗ್ರಾಹಕ ನಿರ್ದೇಶಕನನ್ನು ಕೇಳುವುದೂ ಇವನ್ನೇ. ನನ್ನ ತಕರಾರಿರುವುದು ಏಳನ್ನೂ ಒಂದೇ ತೂಕದಲ್ಲಿ ಕಲಿಸುವುದರ ಬಗ್ಗೆ. ಮೊದಲು ನಿರ್ಧಾರವಾಗಬೇಕಾದದ್ದು ಕ್ರಿಯೆ. ಮಿಕ್ಕವು ಅದಕ್ಕೆ ಹೊಂದಿಕೊಳ್ಳಬೇಕು.

ಸೂತ್ರದ ಎಲ್ಲ ಖಾನೆ ತುಂಬಿಯೂ ಕೆಡುವ ಪ್ರಾಂಪ್ಟ್ ಇದು: ‘ಬೆಳಗಿನ ಜಾವ ಕೆ.ಆರ್. ಮಾರುಕಟ್ಟೆಯಲ್ಲಿ ದುಃಖದಲ್ಲಿರುವ ಹೆಂಗಸು ಹೂ ಕಟ್ಟಿ, ಗಿರಾಕಿಗೆ ಕೊಟ್ಟು, ದುಡ್ಡು ಎಣಿಸಿ ಹೊರಡುತ್ತಾಳೆ. ಮಿಡ್ ಶಾಟ್, ಚಲಿಸುವ ಕ್ಯಾಮೆರಾ, ಸಿನಿಮೀಯ ಶೈಲಿ.’ ಎಐ ವಿಡಿಯೊ ಉಪಕರಣಗಳು ಒಂದು ಸಲಕ್ಕೆ ಕೊಡುವುದು ಹೆಚ್ಚಾಗಿ ಕೆಲವೇ ಸೆಕೆಂಡಿನ ತುಣುಕು. ಅಷ್ಟರಲ್ಲಿ ನಾಲ್ಕು ಕೆಲಸ ತುರುಕಿದರೆ ಕೈಯಲ್ಲಿದ್ದ ಮಾಲೆಯೇ ನೋಟಾಗಬಹುದು, ಇಲ್ಲವೇ ಕೇಳದ ಕಟ್ ನಡುವೆ ಬಂದೀತು. ‘ದುಃಖ’ ಎಂದದ್ದಕ್ಕೆ ಕೆನ್ನೆ ಮೇಲೆ ಕಣ್ಣೀರು ಇಳಿಸಿಬಿಡುವುದೂ ಉಂಟು. ಆ ಪ್ರಾಂಪ್ಟಿನಲ್ಲಿರುವುದು ನಾಲ್ಕು ಶಾಟ್. ಸೂತ್ರ ಇರುವುದು ಒಂದಕ್ಕೆ.

ಆ ನಾಲ್ಕರಲ್ಲಿ ಒಂದನ್ನು ಆರಿಸಿ ಬರೆದರೆ: ‘ಮಿಡ್ ಶಾಟ್. ಐವತ್ತರ ಆಸುಪಾಸಿನ ಹೆಂಗಸು, ಹಸಿರು ಸೀರೆ, ಸೇವಂತಿಗೆ ರಾಶಿಯ ಹಿಂದೆ ಕೂತಿದ್ದಾಳೆ. ಹೂ ಕಟ್ಟುತ್ತಿದ್ದ ಕೈ ನಿಲ್ಲುತ್ತದೆ. ನಿಧಾನವಾಗಿ ತಲೆ ಎತ್ತಿ ಎಡಕ್ಕೆ ನೋಡುತ್ತಾಳೆ. ಸೂರ್ಯೋದಯಕ್ಕೆ ಮುಂಚಿನ ನೀಲಿ ಬೆಳಕು, ತಲೆಯ ಮೇಲೆ ಒಂದು ಹಳದಿ ಬಲ್ಬು. ಕ್ಯಾಮೆರಾ ಸ್ಥಿರ.’

ಇಲ್ಲಿ ‘ದುಃಖ’ ಇಲ್ಲ, ನಿಂತ ಕೈ ಇದೆ. ಮುಖದ ಕ್ಲೋಸಪ್ ಕೇಳಿದ್ದರೆ ಕೈಯೇ ಚೌಕಟ್ಟಿನಾಚೆ ಹೋಗುತ್ತಿತ್ತು. ಹಾಗಾಗಿಯೇ ಅಳತೆಯನ್ನು ಕ್ರಿಯೆಯೇ ಗೊತ್ತುಮಾಡುತ್ತದೆ. ಕ್ಯಾಮೆರಾವನ್ನು ನಿಲ್ಲಿಸಿದ್ದೂ ಬೇಕೆಂದೇ: ಅವಳು ತಲೆ ಎತ್ತುವುದೊಂದೇ ಚಲನೆಯಾದರೆ ಕಣ್ಣು ಅಲ್ಲಿಗೇ ಹೋಗುತ್ತದೆ. ಬೆರಳು ಮತ್ತು ದಾರದ ಸೂಕ್ಷ್ಮ ಕೆಲಸದಲ್ಲಿ ಈ ಉಪಕರಣಗಳು ಎಡವುವುದು ಹೆಚ್ಚು. ಕೈ ಬೇಗ ನಿಲ್ಲುವುದರಿಂದ ಆ ಅಪಾಯವೂ ಕಡಿಮೆ. ‘ಸಿನಿಮೀಯ’ ಬಿಟ್ಟದ್ದರಿಂದ ಕಳೆದುಕೊಂಡದ್ದೇನೂ ಇಲ್ಲ, ಆ ಕೆಲಸ ಬೆಳಕಿನ ಸಾಲು ಮಾಡುತ್ತಿದೆ.

ಫಲಿತಾಂಶ ಸರಿಬರದಿದ್ದರೆ ಇಡೀ ಪ್ರಾಂಪ್ಟ್ ಅಳಿಸಿ ಬರೆಯುವುದು ವಿದ್ಯಾರ್ಥಿಗಳ ಅಭ್ಯಾಸ. ಆಗ ಕೆಟ್ಟದ್ದು ಯಾವುದೆಂದು ಗೊತ್ತಾಗುವುದೇ ಇಲ್ಲ. ಒಂದು ಖಾನೆ ಮಾತ್ರ ಬದಲಿಸಬೇಕು. ಅದಕ್ಕೂ ಮುಂಚೆ ಅದೇ ಪ್ರಾಂಪ್ಟನ್ನು ಎರಡು ಮೂರು ಸಲ ಓಡಿಸಬೇಕು, ಏಕೆಂದರೆ ಅದೇ ಮಾತಿಗೆ ಪ್ರತಿ ಸಲ ಬೇರೆ ಚಿತ್ರ ಬರುತ್ತದೆ. ಮೂರರಲ್ಲೂ ತಲೆ ಬಲಕ್ಕೇ ತಿರುಗಿದರೆ ತಪ್ಪು ಬರವಣಿಗೆಯದ್ದಿರಬಹುದು: ‘ಎಡ’ ಅವಳ ಎಡವೋ, ಪರದೆಯ ಎಡವೋ ಎಂದು ನಾವು ಹೇಳಿಯೇ ಇಲ್ಲ.

ಸೂತ್ರದ ಮಿತಿ ಕಾಣುವುದು ಎರಡನೆಯ ಶಾಟ್‌ನಲ್ಲಿ. ಅದೇ ವಿವರಣೆ ಕೊಟ್ಟರೂ ಅಲ್ಲಿ ಬೇರೊಬ್ಬ ಹೆಂಗಸು ಕೂತಿರಬಹುದು. ಪಾತ್ರದ ಸಾಲನ್ನು ಅಕ್ಷರ ಬಿಡದೆ ನಕಲಿಸಿ, ಮೊದಲ ಶಾಟ್‌ನ ಒಂದು ಫ್ರೇಮನ್ನು ಜೊತೆಗೆ ಕೊಟ್ಟರೆ ಹೋಲಿಕೆ ಸ್ವಲ್ಪ ಉಳಿಯುತ್ತದೆ. ಅವಳು ಎಡಕ್ಕೆ ಏನನ್ನು ನೋಡಿದಳೆಂಬುದನ್ನು ಬರೆಯಲು ಮಾತ್ರ ಯಾವ ಖಾನೆಯೂ ಇಲ್ಲ. ಅದನ್ನು ಪ್ರಾಂಪ್ಟಿಗೆ ಮುಂಚೆ ಚಿತ್ರಕಥೆಯಲ್ಲೇ ಬರೆದಿರಬೇಕು.