ತಡೆಹಿಡಿದ ಬಿಲ್ಲಿಗೂ ಗಡುವು ಓಡುತ್ತಿರುತ್ತದೆ

ಸಣ್ಣ ಕಾರ್ಖಾನೆ ನಡೆಸುವವರಿಗೆಲ್ಲ ಈ ಫೋನ್ ಸಂಭಾಷಣೆ ಬಾಯಿಪಾಠ. "ಮೇಡಂ, ನಮ್ಮ ಬಿಲ್ ಏನಾಯ್ತು?" "ಹೋಲ್ಡ್‌ನಲ್ಲಿದೆ ಸರ್, ಪ್ರೊಸೆಸ್ ಆಗ್ತಿದೆ." ಯಾಕೆ ಹೋಲ್ಡ್, ಯಾರ ಹತ್ತಿರ ಇದೆ, ಯಾವಾಗ ಬಿಡುಗಡೆ, ಈ ಮೂರಕ್ಕೂ ಉತ್ತರ ಸಿಗುವುದಿಲ್ಲ. ಅಕೌಂಟ್ಸ್‌ನ ಆ ಹುಡುಗಿ ಏನನ್ನೂ ಮುಚ್ಚಿಡುತ್ತಿರುವುದಿಲ್ಲ. ಬಹಳ ಸಲ ಅವಳಿಗೂ ಗೊತ್ತಿರುವುದಿಲ್ಲ.

ಬಿಲ್ ತಡೆಹಿಡಿಯುವುದು ತಪ್ಪಲ್ಲ. ಕೊಂಡವರ ಅಕೌಂಟ್ಸ್ ವಿಭಾಗ ಮೂರು ಕಾಗದಗಳನ್ನು ತಾಳೆ ನೋಡುತ್ತದೆ: ಏನು ಬೇಕೆಂದು ಕೇಳಿದ್ದೆವು ಎನ್ನುವ ಪರ್ಚೇಸ್ ಆರ್ಡರ್, ಏನು ಬಂತು ಎಂದು ಸ್ಟೋರ್ಸ್‌ನವರು ಬರೆಯುವ ಜಿಆರ್‌ಎನ್, ಎಷ್ಟು ಕೊಡಬೇಕು ಎನ್ನುವ ಬಿಲ್. ಮೂರರಲ್ಲಿ ಒಂದು ಹೊಂದದಿದ್ದರೂ ಕಂಪ್ಯೂಟರ್ ಪಾವತಿಗೆ ತಡೆ ಹಾಕುತ್ತದೆ. ಸ್ಯಾಪ್ ತಂತ್ರಾಂಶದಲ್ಲಾದರೆ ಬಿಲ್ಲಿನ ಮೇಲೆ R ಎಂಬ ಗುರುತು ಬೀಳುತ್ತದೆ. ಇಷ್ಟರವರೆಗೆ ಎಲ್ಲ ಸರಿ. ತೊಂದರೆ ಶುರುವಾಗುವುದು ಇದರ ನಂತರ. ಕಂಪ್ಯೂಟರ್ ಹಾಕಿದ ತಡೆ ಕಂಪನಿಯ ಒಳಗಿನ ಸಂಗತಿ. ಸರಬರಾಜುದಾರರಿಗೆ ಅದನ್ನು ಯಾರೂ ಬರೆದು ತಿಳಿಸಿರುವುದಿಲ್ಲ, ಕಾನೂನು ಕೊಟ್ಟ ಗಡುವು ಮಾತ್ರ ನಿಲ್ಲದೆ ಓಡುತ್ತಿರುತ್ತದೆ.

ಒಂದು ಕಾಲ್ಪನಿಕ ಲೆಕ್ಕ ಹಿಡಿದು ನೋಡೋಣ. ಪೀಣ್ಯದ ಒಂದು ಸಣ್ಣ ಘಟಕ 500 ಬುಷ್‌ಗಳನ್ನು ತಲಾ 240 ರೂಪಾಯಿಯಂತೆ ದೊಡ್ಡ ಕಂಪನಿಯೊಂದಕ್ಕೆ ಮಾಡಿಕೊಟ್ಟಿದೆ. ಬೆಲೆ 1,20,000, ಶೇ 18ರ ಜಿಎಸ್‌ಟಿ 21,600, ಒಟ್ಟು 1,41,600 ರೂಪಾಯಿ. ಮಾಲು ಜೂನ್ 3ಕ್ಕೆ ತಲುಪಿತು. ಕ್ಯೂಸಿಯವರು ಅಳೆದಾಗ 20 ಬುಷ್‌ಗಳ ರಂಧ್ರ ದೊಡ್ಡದಾಗಿತ್ತು. ಹಾಗಾಗಿ ಜೂನ್ 6ರ ಜಿಆರ್‌ಎನ್‌ನಲ್ಲಿ ಒಪ್ಪಿದ್ದು 480 ಎಂದು ಬಂತು. ಬಿಲ್ ಇರುವುದು 500ಕ್ಕೆ. ಜೂನ್ 9ರಂದು ಅಕೌಂಟ್ಸ್‌ನವರು ಬಿಲ್ ನಮೂದಿಸಿದ ಕೂಡಲೇ ತಡೆ ಬಿತ್ತು.

ತಕರಾರು ಇರುವುದು 20 ಬುಷ್‌ಗಳಿಗೆ, ಅಂದರೆ ತೆರಿಗೆ ಸೇರಿ 5,664 ರೂಪಾಯಿಗೆ. ನಿಂತಿರುವುದು 1,41,600. ಅಕೌಂಟ್ಸ್‌ನಿಂದ ಸ್ಟೋರ್ಸ್‌ಗೆ ಮೇಲ್ ಹೋಯಿತು. ಸ್ಟೋರ್ಸ್‌ನವರು ಕ್ಯೂಸಿಗೆ ಕಳಿಸಿದರು, ಕ್ಯೂಸಿಯವರು ಪರ್ಚೇಸ್‌ಗೆ. ಪರ್ಚೇಸ್‌ನವರು ರಜೆಯಲ್ಲಿದ್ದರು. ಪ್ರತಿಯೊಬ್ಬರಿಗೂ ಇದು ನಿನ್ನೆ ಮೊನ್ನೆ ಬಂದ ಮೇಲ್. ಬಿಲ್ಲಿಗೆ ಮಾತ್ರ ಮೂರು ವಾರ ವಯಸ್ಸಾಗಿದೆ.

ಇಲ್ಲಿ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಬರುತ್ತದೆ. ಕಿರು ಅಥವಾ ಸಣ್ಣ ಉದ್ಯಮದಿಂದ ಮಾಲು ಕೊಂಡವರು, ಲಿಖಿತ ಒಪ್ಪಂದವಿದ್ದರೆ ಅದರಲ್ಲಿ ಹೇಳಿದ ದಿನದೊಳಗೆ ಹಣ ಕೊಡಬೇಕು. ಆ ಅವಧಿ ಮಾಲು ಸ್ವೀಕರಿಸಿದ ದಿನದಿಂದ 45 ದಿನ ಮೀರುವಂತಿಲ್ಲ. ಆರ್ಡರ್‌ನಲ್ಲಿ 90 ದಿನ ಎಂದು ಅಚ್ಚು ಹಾಕಿಸಿದರೂ ಲೆಕ್ಕಕ್ಕೆ ಬರುವುದು 45 ದಿನವೇ. ಸ್ವೀಕರಿಸಿದ ದಿನ ಯಾವುದು ಎಂಬುದಕ್ಕೂ ಕಾಯ್ದೆ ಉತ್ತರ ಕೊಟ್ಟಿದೆ. ಮಾಲು ತಲುಪಿದ 15 ದಿನದೊಳಗೆ ಕೊಂಡವರು ಬರಹದಲ್ಲಿ ಆಕ್ಷೇಪ ಎತ್ತಿದರೆ, ಆ ಆಕ್ಷೇಪವನ್ನು ಸರಬರಾಜುದಾರರು ನಿವಾರಿಸಿದ ದಿನವೇ ಸ್ವೀಕಾರದ ದಿನ. ಎತ್ತದಿದ್ದರೆ, ಮಾಲು ತಲುಪಿದ ದಿನವೇ ಒಪ್ಪಿಕೊಂಡಂತೆ.

ನಮ್ಮ ಉದಾಹರಣೆಯಲ್ಲಿ ಆ 15 ದಿನ ಜೂನ್ 18ಕ್ಕೆ ಮುಗಿಯುತ್ತದೆ. ಅಷ್ಟರಲ್ಲಿ ಕಂಪನಿಯೊಳಗೆ ಹತ್ತು ಮೇಲ್‌ಗಳು ಓಡಾಡಿರಬಹುದು, ಪೀಣ್ಯಕ್ಕೆ ಒಂದೂ ಹೋಗಿಲ್ಲದಿದ್ದರೆ ಪ್ರಯೋಜನವಿಲ್ಲ. 20 ಬುಷ್‌ಗಳೂ ಒಪ್ಪಿತವಾದಂತೆಯೇ, ಆರ್ಡರ್‌ನಲ್ಲಿ 45 ದಿನ ಎಂದಿದ್ದರೆ ಇಡೀ ಬಿಲ್ಲಿಗೆ ಜುಲೈ 18 ಕಡೆಯ ದಿನ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಅಸಲಿಗೆ ಸೇರುವ ಚಕ್ರಬಡ್ಡಿ. ಬ್ಯಾಂಕ್ ದರ ಶೇ 6 ಎಂದಿಟ್ಟುಕೊಂಡರೆ ಬಡ್ಡಿ ಶೇ 18. ಎರಡು ತಿಂಗಳು ತಡವಾದರೆ ಸುಮಾರು 4,280 ರೂಪಾಯಿ. 5,664 ರೂಪಾಯಿಯ ತಕರಾರಿಗೆ ಇದು ದುಬಾರಿ. ಈ ಬಡ್ಡಿಯನ್ನು ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸಲೂ ಆಗುವುದಿಲ್ಲ. ಬಿಲ್ ಗಡುವು ಮೀರಿ, ಮಾರ್ಚ್ 31 ದಾಟಿಯೂ ಬಾಕಿ ಉಳಿದರೆ ಬಿಲ್ಲಿನ ಮೊತ್ತಕ್ಕೂ ಆ ವರ್ಷ ವಿನಾಯಿತಿ ಸಿಗುವುದಿಲ್ಲ. ಹಣ ಕೊಟ್ಟ ವರ್ಷದವರೆಗೆ ಕಾಯಬೇಕು.

ಕಾಯ್ದೆ ಹೇಳುವುದು ಮಾಲಿನ ಸ್ವೀಕಾರದ ಬಗೆಗಿನ ಆಕ್ಷೇಪವನ್ನು. ಸ್ಟೋರ್ಸ್‌ನವರು ಜಿಆರ್‌ಎನ್ ಹಾಕುವುದು ಮರೆತರು, ಆರ್ಡರ್ ತಿದ್ದುಪಡಿಗೆ ಮ್ಯಾನೇಜರ್ ಸಹಿ ಬಾಕಿ ಎಂಬಂಥ ಕಾರಣಗಳು ಕೊಂಡವರ ಮನೆಯ ಕೆಲಸ. ಅವುಗಳ ಭಾರವನ್ನು ಸರಬರಾಜುದಾರರ ಮೇಲೆ ಹೊರಿಸುವುದು ನ್ಯಾಯವಲ್ಲ. ನನ್ನನ್ನು ಕೇಳಿದರೆ, ಹೋಲ್ಡ್ ಆದ ಬಿಲ್ಲುಗಳನ್ನು ಮೊದಲು ಎರಡು ಪಾಲು ಮಾಡಬೇಕು: ತಪ್ಪು ಅವರದ್ದು, ತಪ್ಪು ನಮ್ಮದು. ಎರಡನೆಯ ಪಾಲೇ ದೊಡ್ಡದಿದ್ದರೆ ಆಶ್ಚರ್ಯಪಡಬೇಕಿಲ್ಲ.

ಇದಕ್ಕೆ ದೊಡ್ಡ ತಂತ್ರಾಂಶವೇನೂ ಬೇಡ, ಒಂದು ಎಕ್ಸೆಲ್ ಹಾಳೆ ಸಾಕು. ಆದರೆ ಪ್ರತಿ ಬಿಲ್ಲಿನ ಎದುರು ವಿಭಾಗದ ಹೆಸರು ಬರೆದರೆ ಸಾಲದು, ಒಬ್ಬ ವ್ಯಕ್ತಿಯ ಹೆಸರಿರಬೇಕು. "ಕ್ಯೂಸಿ" ಎಂದು ಬರೆದ ಬಿಲ್ ಯಾರದ್ದೂ ಅಲ್ಲ. ಬಿಲ್ಲಿನ ಒಟ್ಟು ಮೊತ್ತದ ಪಕ್ಕದಲ್ಲೇ ತಕರಾರಿನ ಮೊತ್ತ ಇರಲಿ. 1,41,600ರ ಪಕ್ಕ 5,664 ಎಂದು ಕಂಡ ಮ್ಯಾನೇಜರ್ ಬೇಗ ತೀರ್ಮಾನ ಮಾಡುತ್ತಾರೆ. ದಿನಗಳ ಎಣಿಕೆ ಮಾಲು ತಲುಪಿದ ದಿನದಿಂದ ಶುರುವಾಗಬೇಕೇ ಹೊರತು ಮೇಲ್ ಕೊನೆಯ ಸಲ ಕೈ ಬದಲಾಯಿಸಿದ ದಿನದಿಂದಲ್ಲ. 15ನೇ ದಿನ ಯಾವ ತಾರೀಕು ಎಂಬುದಕ್ಕೂ ಒಂದು ಕಾಲಂ ಬೇಕು. ಇನ್ನೊಂದು ಸಣ್ಣ ವಿಷಯ: ಕಾರಣ ಬಗೆಹರಿದರೂ ಕಂಪ್ಯೂಟರಿನ ತಡೆ ತಾನಾಗಿ ಹೋಗದೇ ಇರಬಹುದು. ಸ್ಯಾಪ್‌ನಲ್ಲಿ MRBR ಎಂಬ ಕೆಲಸವನ್ನು ಯಾರಾದರೂ ನಡೆಸಬೇಕು, ಇಲ್ಲವೇ ದಿನಾ ತಾನೇ ನಡೆಯುವಂತೆ ಹೊಂದಿಸಿರಬೇಕು. ಜಿಆರ್‌ಎನ್ ಸರಿಯಾಗಿದ್ದೂ ಹಣ ಹೋಗದ ಬಿಲ್ಲುಗಳನ್ನು ಮೊದಲು ಇಲ್ಲಿ ಹುಡುಕಬೇಕು.

ಪೀಣ್ಯಕ್ಕೆ ಜೂನ್ 10ರಂದೇ ಇಂಥದೊಂದು ಮೇಲ್ ಹೋಗಬಹುದಿತ್ತು: "ಜೂನ್ 3ರಂದು ಬಂದ 500 ಬುಷ್‌ಗಳಲ್ಲಿ 480 ಒಪ್ಪಿದ್ದೇವೆ. 20ರಲ್ಲಿ ರಂಧ್ರದ ಅಳತೆ ಹೆಚ್ಚಿದೆ, ತಪಾಸಣಾ ವರದಿ ಲಗತ್ತಿಸಿದೆ. ಈ 20ಕ್ಕೆ 5,664 ರೂಪಾಯಿಯ ಕ್ರೆಡಿಟ್ ನೋಟ್ ಕಳಿಸಿ, ಅಥವಾ ಬದಲಿ ಮಾಲು ಕೊಡುವುದಾದರೆ ತಿಳಿಸಿ. 480ರ 1,35,936 ರೂಪಾಯಿಯನ್ನು ಜುಲೈ 18ರೊಳಗೆ ಪಾವತಿಸುತ್ತೇವೆ." ಏನಾದರೂ ಕೇಳುವುದಿದ್ದರೆ ಯಾರೊಡನೆ ಮಾತಾಡಬೇಕೆಂದು ಒಂದು ಹೆಸರು, ಒಂದು ಫೋನ್ ನಂಬರ್. ಇಷ್ಟು ಹೋದರೆ ಮೂರು ಫೋನ್ ಕರೆಗಳು ಉಳಿಯುತ್ತವೆ. ಉತ್ತರ ಪೂರ್ತಿ ಸಿದ್ಧವಾಗುವವರೆಗೆ ಸುಮ್ಮನಿರುವುದು ಅಕೌಂಟ್ಸ್‌ನವರ ಹಳೇ ಚಾಳಿ. "ಇನ್ನೂ ಗೊತ್ತಾಗಿಲ್ಲ, ಶುಕ್ರವಾರ ಹೇಳುತ್ತೇನೆ" ಎಂಬುದೂ ಉತ್ತರವೇ, ಶುಕ್ರವಾರ ಹೇಳಿದರೆ.

ಮಾಲು ಕೊಡುವವರಿಗೂ ಒಂದು ಮಾತು. ಉದ್ಯಮ್ ನೋಂದಣಿ ಮಾಡಿಸಿ, ಆ ಸಂಖ್ಯೆ ಪ್ರತಿ ಬಿಲ್ಲಿನ ಮೇಲೂ ಇರಲಿ. ಅದಿಲ್ಲದೆ ನೀವು ಸಣ್ಣ ಉದ್ಯಮವೆಂದು ಕೊಂಡವರಿಗೆ ಗೊತ್ತಾಗುವುದು ಹೇಗೆ? ಫೋನಿನಲ್ಲಿ ಕೇಳಿದ್ದನ್ನು ಅದೇ ದಿನ ಮೇಲ್‌ನಲ್ಲೂ ಕೇಳಿ, ಮಾಲು ತಲುಪಿದ್ದಕ್ಕೆ ಸಹಿ ಮಾಡಿದ ಚಲನ್ ಜೋಪಾನವಾಗಿಡಿ. ಗಡುವು ಮೀರಿದರೆ ಕೇಂದ್ರ ಸರ್ಕಾರದ ಪೋರ್ಟಲ್ ಮೂಲಕ ರಾಜ್ಯದ ನೆರವು ಮಂಡಳಿಗೆ ಅರ್ಜಿ ಹಾಕಬಹುದು. ಆದರೆ ಮಾಲು ತಯಾರಿಸದೆ ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ, ಉದ್ಯಮ್ ನೋಂದಣಿ ಇದ್ದರೂ, ಈ 45 ದಿನದ ರಕ್ಷಣೆ ಸಿಗುವುದಿಲ್ಲ. ಅವರು ತಮ್ಮ ಗಡುವನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು.